ಟಿಕ್‌ಗೆ ಅಂಕ, ಅಂಕಕ್ಕೆ ಮಸಾಲಪುರಿ: ಈ ಆಟ ಕೈಕೊಡುವುದು ಎಲ್ಲಿ?

ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಇದು ನನಗೆ ಗೊತ್ತಿತ್ತು. ನಮ್ಮ ಬೀದಿಯ ಚರಂಡಿ ಕಾಮಗಾರಿಯ ಬಿಲ್ಲುಗಳ ನಕಲು ಕೇಳಿ ಜೂನ್ 3ಕ್ಕೆ ಅರ್ಜಿ ಕೊಟ್ಟಿದ್ದೆ. ಜುಲೈ 3 ಆಯ್ತು, ಉತ್ತರ ಇಲ್ಲ. ಅಂದ್ರೆ ಮೇಲ್ಮನವಿಗೆ ಆಗಸ್ಟ್ 2ರವರೆಗೆ ಸಮಯ. ಫೋನಿನಲ್ಲಿ ದಿನವೂ ಸಂಜೆ 7ಕ್ಕೆ ರಿಮೈಂಡರ್ ಬರ್ತಿತ್ತು. ಆದರೂ ನಾನು ಮೇಲ್ಮನವಿ ಬರೆಯಲು ಕೂತಿದ್ದು ಆಗಸ್ಟ್ 11ಕ್ಕೆ.

ತಮಾಷೆ ಏನೆಂದರೆ, ಆ ಜುಲೈ ತಿಂಗಳು ನನ್ನ ಲೆಕ್ಕದ ಪ್ರಕಾರ ಅತ್ಯಂತ ಶಿಸ್ತಿನ ತಿಂಗಳು. 164 ಅಂಕ ಗಳಿಸಿದ್ದೆ.

ಪದ್ಧತಿ ಸರಳವಾಗಿತ್ತು. ಮುಗಿಸಿದ ಪ್ರತಿ ರಿಮೈಂಡರ್‌ಗೆ 1 ಅಂಕ. 20 ಅಂಕ ಆದರೆ ಒಂದು ಪ್ಲೇಟ್ ಮಸಾಲಪುರಿ, 100 ಆದರೆ ಒಂದು ಸಿನಿಮಾ. ಹ್ಯಾಬಿಟಿಕಾ ಥರದ ಆ್ಯಪ್‌ಗಳು ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಕೆಲಸ ಮುಗಿಸಿದರೆ ಚಿನ್ನದ ನಾಣ್ಯ ಕೊಡುತ್ತವೆ, ಆ ನಾಣ್ಯದಿಂದ ನೀವೇ ಗೊತ್ತು ಮಾಡಿಕೊಂಡ ಬಹುಮಾನವನ್ನು ‘ಕೊಳ್ಳಬಹುದು’, ದಿನದ ಕೆಲಸ ತಪ್ಪಿಸಿದರೆ ನಿಮ್ಮ ಪಾತ್ರದ ಆರೋಗ್ಯ ಇಳಿಯುತ್ತದೆ. ನಾನು ಆ್ಯಪ್ ಬಿಟ್ಟು ಪುಸ್ತಕದಲ್ಲೇ ಬರೆದುಕೊಳ್ಳುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಪಟ್ಟಿಯಲ್ಲಿ ಥೈರಾಯ್ಡ್ ಮಾತ್ರೆ, ಗಿಡಕ್ಕೆ ನೀರು, ಕರೆಂಟ್ ಬಿಲ್, ಅಮ್ಮನಿಗೆ ಫೋನು, ಎರಡು ಪುಟ ಓದು, ಜೊತೆಗೆ ಮೇಲ್ಮನವಿ. ಮೇಲ್ಮನವಿ ದೊಡ್ಡ ಕೆಲಸ ಅಂತ ಅದಕ್ಕೆ 10 ಅಂಕ ಇಟ್ಟಿದ್ದೆ. ಉದಾರವಾಗಿಯೇ ಇಟ್ಟಿದ್ದೇನೆ ಅಂದುಕೊಂಡಿದ್ದೆ. ಈಗ ಲೆಕ್ಕ ಹಾಕಿ ನೋಡಿ. ಗಿಡಕ್ಕೆ ನೀರು ಹಾಕಲು ಎರಡು ನಿಮಿಷ, 1 ಅಂಕ. ಮೇಲ್ಮನವಿಗೆ ಅರ್ಜಿಯ ನಕಲು ಹುಡುಕಬೇಕು, ಮೇಲ್ಮನವಿ ಪ್ರಾಧಿಕಾರಿ ಯಾರು ಅಂತ ತಿಳಿಯಬೇಕು, ಕಾರಣಗಳನ್ನು ಬರೆಯಬೇಕು, ಅಂಚೆ ಕಚೇರಿಗೆ ಹೋಗಬೇಕು. ಏನಿಲ್ಲವೆಂದರೂ ಮೂರು ಗಂಟೆ. ಅಂದರೆ ಒಂದು ಅಂಕಕ್ಕೆ 18 ನಿಮಿಷ. ನನ್ನದೇ ಅಂಗಡಿಯಲ್ಲಿ ಅತ್ಯಂತ ದುಬಾರಿ ಅಂಕ ಅದು. ಯಾರು ಕೊಳ್ತಾರೆ? ಸಂಜೆ 7ಕ್ಕೆ ರಿಮೈಂಡರ್ ಬಂದಾಗ ‘ನಾಳೆ’ ಅಂತ ತಳ್ಳಿ, ಗಿಡಕ್ಕೆ ನೀರು ಹಾಕಿ ಬರುತ್ತಿದ್ದೆ. ಜುಲೈ ಮೂರನೇ ವಾರಕ್ಕೆ ಪಟ್ಟಿಗೆ ‘ಹಾಸಿಗೆ ಮಡಚುವುದು’, ‘ಬಾಟಲಿಗೆ ನೀರು ತುಂಬುವುದು’ ಕೂಡ ಸೇರಿದ್ದವು. ಯಾವತ್ತೂ ಮರೆಯದ ಕೆಲಸಗಳಿಗೆ ರಿಮೈಂಡರ್! ಆಟ ಹಳಿ ತಪ್ಪಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇರೆ ಬೇಕಿಲ್ಲ. ಅಂಕಕ್ಕೋಸ್ಕರ ಕೆಲಸ ಹುಟ್ಟಿಸಿಕೊಳ್ಳಲು ಶುರು ಮಾಡಿದ್ದೆ.

ಇನ್ನೊಂದು ಗುರುತು ಮಾತ್ರೆಯ ಸ್ಟ್ರಿಪ್‌ನಲ್ಲಿ ಸಿಕ್ಕಿತು. ಜುಲೈನ 31 ದಿನಕ್ಕೂ ಪುಸ್ತಕದಲ್ಲಿ ಟಿಕ್ ಇತ್ತು. ಆದರೆ ಎಣಿಸಿ ನೋಡಿದರೆ ಇರಬೇಕಾದ್ದಕ್ಕಿಂತ ನಾಲ್ಕು ಮಾತ್ರೆ ಹೆಚ್ಚಿಗೆ ಉಳಿದಿದ್ದವು. ಸುಳ್ಳು ಹೇಳಬೇಕು ಅಂತ ಹಾಕಿದ ಟಿಕ್ ಅಲ್ಲ ಅವು. ರಾತ್ರಿ ಮಲಗುವಾಗ ದಿನದ ಟಿಕ್‌ಗಳನ್ನೆಲ್ಲ ಒಟ್ಟಿಗೆ ಹಾಕುವ ಚಾಳಿ ಬಿದ್ದಿತ್ತು, ಬೆಳಿಗ್ಗೆ ನುಂಗಿದೆನೋ ಇಲ್ಲವೋ ನೆನಪಿಲ್ಲದಿದ್ದರೂ ಕೈ ಟಿಕ್ ಹಾಕುತ್ತಿತ್ತು. ಹಾಗಾಗಿ ಅಂಕದ ಪದ್ಧತಿ ಕೆಲಸ ಮಾಡ್ತಿದೆಯಾ ಅಂತ ನೋಡಲು ಟಿಕ್ ಎಣಿಸಬೇಡಿ. ಸ್ಟ್ರಿಪ್ ಎಣಿಸಿ, ಅಂಚೆ ರಸೀದಿ ನೋಡಿ, ಬರೆದ ಪುಟ ನೋಡಿ.

ಬಹುಮಾನ ಯಾವಾಗ ಹುಮ್ಮಸ್ಸನ್ನೇ ತಿನ್ನುತ್ತದೆ ಅನ್ನುವುದಕ್ಕೆ ಹಳೆಯ ಪ್ರಯೋಗವೊಂದಿದೆ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದು ಇಷ್ಟವಿದ್ದ ಮಕ್ಕಳನ್ನೇ ಆರಿಸಿಕೊಂಡರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡ್ತೀವಿ’ ಅಂತ ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಬಹುಮಾನದ ಮಾತೇ ಇಲ್ಲದಾಗ ನೋಡಿದರೆ, ಮೊದಲೇ ಆಸೆ ತೋರಿಸಿದ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳದ್ದರ ಸುಮಾರು ಅರ್ಧ. ಬಹುಮಾನ ಸಿಕ್ಕಿದ್ದೇ ತೊಂದರೆ ಆಗಿದ್ದರೆ ಎರಡನೆಯ ಗುಂಪೂ ಸೋಲಬೇಕಿತ್ತು. ತೊಂದರೆ ಮಾಡಿದ್ದು ‘ಇದು ಮಾಡಿದರೆ ಅದು’ ಎಂಬ ಕರಾರು.

ಇದನ್ನು ಎಲ್ಲದಕ್ಕೂ ಎಳೆಯಬಾರದು. ಎಡ್ವರ್ಡ್ ಡೆಸಿ ಮತ್ತು ಜೊತೆಗಾರರು 1999ರಲ್ಲಿ ಇಂಥ 128 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಮೊದಲೇ ಆಸಕ್ತಿ ಇದ್ದ ಕೆಲಸದಲ್ಲಿ ಈ ಹಾನಿ ಕಂಡಿತು, ಬೇಸರದ ಕೆಲಸದಲ್ಲಿ ಕಾಣಲಿಲ್ಲ. ಇದು ಸಹಜವೇ. ಕರೆಂಟ್ ಬಿಲ್ ಕಟ್ಟುವ ಪ್ರೀತಿ ನನಗೆ ಮೊದಲೂ ಇರಲಿಲ್ಲ, ಕಳೆದುಕೊಳ್ಳಲು ಏನಿದೆ? ಆದರೆ ಚರಂಡಿ ಬಿಲ್ಲು ಕೇಳಿದ್ದು ಮಸಾಲಪುರಿಗಾಗಿ ಅಲ್ಲ. ಪ್ರತಿ ಮಳೆಗೆ ಪಕ್ಕದ ಮನೆಯ ಅಜ್ಜಿಯ ಹಿತ್ತಿಲಿಗೆ ಕೊಳಚೆ ನುಗ್ಗುತ್ತೆ ಅನ್ನುವ ಸಿಟ್ಟಿಗೆ. ಆ ಸಿಟ್ಟನ್ನು 10 ಅಂಕ ಅಂತ ಬರೆದು ಗಿಡದ ನೀರಿನ ಪಕ್ಕ ಇಟ್ಟಿದ್ದೆ.

ಇನ್ನೊಂದು ಮಿತಿ, ಬಹುಮಾನಕ್ಕೂ ಅಡ್ಡಿಗೂ ಸಂಬಂಧವೇ ಇಲ್ಲದಿರುವುದು. 2017ರಲ್ಲಿ ಪ್ರಕಟವಾದ ‘ಹಾರ್ಟ್‌ಸ್ಟ್ರಾಂಗ್’ ಎಂಬ ಅಮೆರಿಕದ ಅಧ್ಯಯನದಲ್ಲಿ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ ಸುಮಾರು 1500 ಜನರಿದ್ದರು. ಒಂದು ಗುಂಪಿಗೆ ಮುಚ್ಚಳ ತೆರೆದದ್ದನ್ನು ದಾಖಲಿಸುವ ಮಾತ್ರೆ ಡಬ್ಬಿ ಕೊಟ್ಟು, ಮಾತ್ರೆ ತೆಗೆದುಕೊಂಡವರಿಗೆ ದಿನವೂ ಹಣದ ಲಾಟರಿ ಇಟ್ಟರು, ಆಪ್ತರ ಬೆಂಬಲವನ್ನೂ ಸೇರಿಸಿದರು. ಒಂದು ವರ್ಷದ ನಂತರ ಮಾತ್ರೆ ಸೇವನೆಯಲ್ಲಾಗಲಿ ಮತ್ತೆ ಆಸ್ಪತ್ರೆ ಸೇರುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ಬಿಡಲು ಮರೆವೊಂದೇ ಕಾರಣ ಅಲ್ಲವಲ್ಲ. ಅಡ್ಡಪರಿಣಾಮದ ಭಯ ಇರಬಹುದು, ದುಡ್ಡಿನ ತಾಪತ್ರಯ ಇರಬಹುದು. ರಿಮೈಂಡರ್ ಮರೆವಿಗೆ ಮದ್ದು, ಭಯಕ್ಕಲ್ಲ ಅಂತ ನಾನು ಓದಿಕೊಂಡೆ. ನನ್ನ ಮೇಲ್ಮನವಿಯ ಅಡ್ಡಿಯೂ ಮರೆವಲ್ಲ. ‘ಕಾರಣಗಳು’ ಅನ್ನುವ ಭಾಗದಲ್ಲಿ ಏನು ಬರೆಯಬೇಕೋ ಗೊತ್ತಿರಲಿಲ್ಲ, ಕೇಳಲು ನಾಚಿಕೆ. ಅದಕ್ಕೆ ಬೇಕಿದ್ದದ್ದು ಅಂಕ ಅಲ್ಲ, ಮೊದಲೇ ಇಂಥದ್ದು ಬರೆದವರೊಬ್ಬರ ಹತ್ತು ನಿಮಿಷ.

ಆಗಸ್ಟ್‌ನಲ್ಲಿ ಪದ್ಧತಿ ಬದಲಾಯಿಸಿದೆ. ಮಾತ್ರೆಯ ಅಂಕ ಉಳಿಸಿಕೊಂಡೆ, ಆದರೆ ನುಂಗಿದ ತಕ್ಷಣ ಟಿಕ್ ಹಾಕಿದರೆ ಮಾತ್ರ ಅಂಕ, ರಾತ್ರಿ ಹಾಕಿದ್ದಕ್ಕೆ ಇಲ್ಲ. ಸ್ಟ್ರಿಪ್ಪನ್ನು ಬೆಳಿಗ್ಗೆ ಮೊದಲು ಮುಟ್ಟುವ ನೀರಿನ ಚೊಂಬಿನ ಪಕ್ಕಕ್ಕೆ ತಂದಿಟ್ಟೆ. ಮೂರು ವಾರ ಸ್ಟ್ರಿಪ್ ಮತ್ತು ಟಿಕ್ ತಾಳೆಯಾದ ಮೇಲೆ ಅಂಕ ತೆಗೆದೆ, ರಿಮೈಂಡರ್ ಬಿಟ್ಟೆ. ಸೆಪ್ಟೆಂಬರ್‌ನಲ್ಲಿ ತಪ್ಪಿದ್ದು ಒಂದು ಮಾತ್ರೆ. ಬಹುಮಾನವನ್ನು ಹೀಗೆ ಹಿಂತೆಗೆದು ನೋಡುವುದೇ ಸರಿಯಾದ ಪರೀಕ್ಷೆ. ತೆಗೆದ ವಾರವೇ ಕೆಲಸ ನಿಂತರೆ ಅಭ್ಯಾಸ ಇನ್ನೂ ಬಂದಿಲ್ಲ ಅಂತ ಅರ್ಥ, ಅಂಕ ವಾಪಸ್ ತಂದು ಇನ್ನೆರಡು ವಾರ ಕಾಯಿರಿ. ಮರೆಯದ ಕೆಲಸಗಳನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕಿದೆ.

ಮೇಲ್ಮನವಿ ಅಂಕದ ಪುಸ್ತಕದಿಂದಲೇ ಹೊರಗೆ ಹೋಯಿತು. ಅದರ ರಿಮೈಂಡರ್‌ನಲ್ಲಿ ‘ಮೇಲ್ಮನವಿ ಬರೆಯುವುದು’ ಅಂತಿದ್ದದ್ದನ್ನು ‘ಭಾನುವಾರ 10ಕ್ಕೆ ಗೆಳತಿ ಮನೆಗೆ ಅರ್ಜಿ ನಕಲು ತಗೊಂಡು ಹೋಗು’ ಅಂತ ಬದಲಿಸಿದೆ. ತಡಕ್ಕೆ ಸಾಕಷ್ಟು ಕಾರಣ ಇದ್ದರೆ ಅವಧಿ ಮೀರಿದ ಮೇಲ್ಮನವಿಯನ್ನೂ ಪ್ರಾಧಿಕಾರಿ ಒಪ್ಪಿಕೊಳ್ಳಬಹುದು ಅಂತ ಕಾಯ್ದೆಯ 19(1) ಹೇಳುತ್ತದೆ. ‘ಅಂಕ ಗಳಿಸುತ್ತಿದ್ದೆ’ ಅಂತ ಬರೆಯಲಾಗುತ್ತಾ? ಗೆಳತಿ ಕೇಳಿ ನಕ್ಕಳು. ಕೊನೆಗೆ ಇನ್ನೊಂದು 10 ರೂಪಾಯಿ ಕೊಟ್ಟು ಹೊಸ ಅರ್ಜಿಯನ್ನೇ ಹಾಕಿದೆ. ಈ ಸಲ ಮೇಲ್ಮನವಿಯ ಕರಡನ್ನೂ ಅವತ್ತೇ ಅವಳ ಮನೆಯಲ್ಲಿ ಕೂತು ಬರೆದಿಟ್ಟಿದ್ದೇವೆ, ದಿನಾಂಕದ ಜಾಗ ಮಾತ್ರ ಖಾಲಿ ಇದೆ.