ಎಸೆದ ಚೆಂಡಿನ ಲೆಕ್ಕ

ವರ್ಗ ಸಮೀಕರಣದ ಒಂದು ಅನ್ವಯ. ಕರ್ನಾಟಕದ ಹತ್ತನೇ ತರಗತಿ ಗಣಿತದಲ್ಲಿ ವರ್ಗ ಸಮೀಕರಣ ಒಂದು ಅಧ್ಯಾಯ.

ಶಹಾಬಾದ್ ಕಲ್ಲು ಹಾಸಿದ 10 ಮೀಟರ್ ಎತ್ತರದ ಮಾಳಿಗೆಯ ಅಂಚಿನಿಂದ ಚೆಂಡನ್ನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ, t ಸೆಕೆಂಡಿನ ನಂತರ ಅದರ ಎತ್ತರ ಸುಮಾರು h = 10 + 5t − 5t². ನೆಲ ಮುಟ್ಟಿದಾಗ h = 0. ಹಾಗಾಗಿ t² − t − 2 = 0, ಅಂದರೆ (t − 2)(t + 1) = 0. ಮೂಲಗಳು 2 ಮತ್ತು −1.

ಚೆಂಡು ಕೈಬಿಟ್ಟದ್ದು t = 0 ಆದಾಗ; ಅದಕ್ಕೂ ಹಿಂದಿನ −1ಕ್ಕೆ ಈ ಸೂತ್ರ ಅನ್ವಯಿಸದು. ಉತ್ತರ 2 ಸೆಕೆಂಡು. ಆದರೆ −1 ಅರ್ಥವಿಲ್ಲದ್ದೇನಲ್ಲ: ಒಂದು ಸೆಕೆಂಡು ಮೊದಲೇ ನೆಲದಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಚಿಮ್ಮಿದ ಚೆಂಡೂ ಇದೇ ರೀತಿ ಚಲಿಸುತ್ತಿತ್ತು.

ಋಣಮೂಲವನ್ನು ಬಿಡಬೇಕೆಂದು ಬಾಯಿಪಾಠ ಮಾಡಿದರೆ ಸಾಲದು. ಚೆಂಡು 11.2 ಮೀಟರ್ ಎತ್ತರದಲ್ಲಿರುವುದು ಯಾವಾಗ ಎಂದು ಕೇಳಿದರೆ 0.4 ಮತ್ತು 0.6 ಎರಡೂ ಸರಿ. ಒಂದು ಏರುವಾಗ, ಇನ್ನೊಂದು ಇಳಿಯುವಾಗ.

ಇಂಥ ಲೆಕ್ಕವನ್ನು ಪುಸ್ತಕದ ಪುಟದ ಮಸುಕಾದ ಫೋಟೋ ನೋಡಿ ಬಿಡಿಸುವಾಗ 5t²ರ ಹಿಂದಿನ ಋಣಚಿಹ್ನೆ ಕಾಣದೆ ಹೋಗಬಹುದು. ಆಗ ಶೋಧಕ 25 − 200 = −175 ಆಗಿ, ಚೆಂಡು ನೆಲಕ್ಕೇ ಬೀಳದು. ಅಂಥ ಉತ್ತರ ಬಂದರೆ ಮೊದಲು ಫೋಟೋವನ್ನು ದೊಡ್ಡದು ಮಾಡಿ ಚಿಹ್ನೆ ನೋಡಿ.