ಧ್ವನಿಮುದ್ರಿಕೆಯ ಗುರುತು ಮತ್ತು ಹಾಡಿನ ಗುರುತು

2002ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಶಜಾಮ್ ಸೇವೆಗೆ ಆ್ಯಪ್ ಎಂಬುದೇ ಇರಲಿಲ್ಲ. 2580 ಎಂಬ ಸಂಖ್ಯೆಗೆ ಕರೆ ಮಾಡಿ ಫೋನನ್ನು ಹಾಡು ಬರುತ್ತಿರುವ ಕಡೆಗೆ ಹಿಡಿದರೆ, ಕರೆ ತಾನಾಗಿ ಕಡಿದುಹೋಗಿ, ಹಾಡಿನ ಹೆಸರು ಎಸ್ಸೆಮ್ಮೆಸ್ ಮೂಲಕ ಬರುತ್ತಿತ್ತು. ಮಾತಿಗೆಂದು ರೂಪಿಸಿದ ಫೋನ್ ಜಾಲವು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿದ್ದುದರಿಂದ, ಈ ಸೇವೆಯ ತಂತ್ರವು ಹುಟ್ಟಿನಿಂದಲೇ ಕೆಟ್ಟ ಧ್ವನಿಯನ್ನು ಸಹಿಸಿಕೊಳ್ಳಬೇಕಾಯಿತು. ಅದೇ ವರ್ಷ ಫಿಲಿಪ್ಸ್ ಸಂಸ್ಥೆಯ ಹೈಟ್ಸ್ಮಾ ಮತ್ತು ಕಾಲ್ಕರ್ ಇನ್ನೊಂದು ವಿಧಾನವನ್ನು ಪ್ರಕಟಿಸಿದರಾದರೂ, ಜನರ ಕೈಗೆ ಹೆಚ್ಚಾಗಿ ತಲುಪಿದ್ದು ಶಜಾಮ್‌ನ ಸಹಸ್ಥಾಪಕ ಏವರಿ ವಾಂಗ್ 2003ರಲ್ಲಿ ವಿವರಿಸಿದ ಮಾರ್ಗ.

ಆ ಮಾರ್ಗದಲ್ಲಿ ಮೊದಲು ಧ್ವನಿಯ ರೋಹಿತಪಟವನ್ನು, ಅಂದರೆ ಯಾವ ಕ್ಷಣದಲ್ಲಿ ಯಾವ ಆವರ್ತನ ಎಷ್ಟು ಬಲವಾಗಿದೆ ಎಂಬುದರ ಚಿತ್ರವನ್ನು, ತೆಗೆಯಲಾಗುತ್ತದೆ. ಅದರಲ್ಲಿ ಸುತ್ತಲಿನವುಗಳಿಗಿಂತ ಎದ್ದು ಕಾಣುವ ಶಿಖರಬಿಂದುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಬಿಟ್ಟರೆ, ಉಳಿಯುವುದು ನಕ್ಷತ್ರಪಟದಂಥ ಚುಕ್ಕೆಗಳ ಹರಹು. ಎರಡು ಚುಕ್ಕೆಗಳ ಆವರ್ತನಗಳನ್ನೂ ಅವುಗಳ ನಡುವಿನ ಕಾಲಾಂತರವನ್ನೂ ಸೇರಿಸಿ ಒಂದು ಸಂಖ್ಯೆಯನ್ನಾಗಿ ಮಾಡಲಾಗುತ್ತದೆ. ಇಂಥ ಸಂಖ್ಯೆಗಳ ಸಮೂಹವೇ ಧ್ವನಿಯ ಬೆರಳಗುರುತು. ತುಣುಕಿನ ಸಂಖ್ಯೆಗಳು ಸಂಗ್ರಹದ ಯಾವುದೋ ಧ್ವನಿಮುದ್ರಿಕೆಯಲ್ಲಿ ಸಿಕ್ಕರಷ್ಟೇ ಸಾಲದು, ಅವೆಲ್ಲ ಒಂದೇ ಕಾಲವ್ಯತ್ಯಾಸದಲ್ಲಿ ಸಾಲಾಗಿ ಹೊಂದಬೇಕು. ಈ ಎರಡನೆಯ ಪರೀಕ್ಷೆಯಿರುವುದರಿಂದಲೇ ನೂರಕ್ಕೆ ಒಂದೆರಡು ಸಂಖ್ಯೆಗಳು ಮಾತ್ರ ಗದ್ದಲದಿಂದ ಪಾರಾಗಿ ಬಂದರೂ ಉತ್ತರ ಸಿಗಬಲ್ಲದು.

ಗದ್ದಲವು ಹೊಸ ಚುಕ್ಕೆಗಳನ್ನು ಸೇರಿಸುತ್ತದೆ, ಕೆಲವು ಹಳೆಯವನ್ನು ಮುಳುಗಿಸುತ್ತದೆ, ಆದರೆ ಉಳಿದವುಗಳ ಜಾಗವನ್ನು ಕದಲಿಸುವುದಿಲ್ಲ. ಆದ್ದರಿಂದ ಹೋಟೆಲಿನ ಮಾತುಕತೆಯ ನಡುವೆ ಐದು ಸೆಕೆಂಡಿಗೆ ಸಿಗದ ಉತ್ತರ ಹದಿನೈದು ಸೆಕೆಂಡಿಗೆ ಸಿಗುವುದುಂಟು. ಗೋಡೆಯಾಚೆಯ ಮಂದವಾದ ಧ್ವನಿಯಲ್ಲಿ ಎತ್ತರದ ಆವರ್ತನಗಳು ಅಳಿದು ತಗ್ಗಿನವು ಮಾತ್ರ ಉಳಿಯುತ್ತವೆ. ಉಳಿದ ಚುಕ್ಕೆಗಳು ಸಾಕಷ್ಟಿದ್ದರೆ ಹೊಂದಾಣಿಕೆ ಸಾಧ್ಯ, ಬರೀ ಡೋಲಿನ ಗುಡುಗು ಕೇಳಿಸುತ್ತಿದ್ದರೆ ಕಷ್ಟ. ಇಂಥ ತುಣುಕನ್ನು ಮೊದಲು ‘ಶುದ್ಧಗೊಳಿಸಿ’ ಆ್ಯಪ್‌ಗೆ ಕೇಳಿಸುವುದು ಹಲವರ ರೂಢಿಯಾಗಿದ್ದರೂ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು, ಏಕೆಂದರೆ ಮಾತಿಗೆಂದು ರೂಪಿಸಿದ ಗದ್ದಲನಿವಾರಕವು ಸಂಗೀತವನ್ನೇ ಗದ್ದಲವೆಂದು ಬಗೆದು ಅಳಿಸುತ್ತದೆ, ಅಳಿಸಿದಲ್ಲಿ ಕೃತಕ ಚುಕ್ಕೆಗಳನ್ನೂ ಹುಟ್ಟಿಸುತ್ತದೆ. ಮೂಲ ತುಣುಕಿನ ಬೇರೆ ಬೇರೆ ಭಾಗಗಳನ್ನು ಕೇಳಿಸಿ ನೋಡುವುದೇ ಮೇಲು.

ಕಿವಿಗೆ ಚೆನ್ನಾಗಿಯೇ ಕೇಳಿಸುವ ಧ್ವನಿಯಲ್ಲಿಯೂ ಸೋಲು ಅಡಗಿರಬಹುದೆಂಬುದಕ್ಕೆ ವೇಗ ತಪ್ಪಿದ ಕ್ಯಾಸೆಟ್ ಒಳ್ಳೆಯ ನಿದರ್ಶನ. ಟೇಪು ನೂರಕ್ಕೆ ಮೂರರಷ್ಟು ವೇಗವಾಗಿ ಓಡಿದರೆ 1000 ಹರ್ಟ್ಸ್‌ನ ಶಿಖರವು 1030ಕ್ಕೆ ಸರಿಯುತ್ತದೆ. ಸೆಕೆಂಡಿಗೆ 8000 ಮಾದರಿಗಳನ್ನು ತೆಗೆದುಕೊಂಡು 1024 ಮಾದರಿಗಳ ಕಿಟಕಿಯಲ್ಲಿ ಲೆಕ್ಕಹಾಕುವ ವ್ಯವಸ್ಥೆಯಲ್ಲಿ ಒಂದೊಂದು ಆವರ್ತನ ಮನೆಯ ಅಗಲ ಎಂಟು ಹರ್ಟ್ಸ್‌ಗಿಂತ ತುಸು ಕಡಿಮೆ. ಹಾಗಾಗಿ ಆ ಚುಕ್ಕೆ ಸುಮಾರು ನಾಲ್ಕು ಮನೆ ಆಚೆ ಬೀಳುತ್ತದೆ, ಸಂಖ್ಯೆಯೇ ಬೇರೆಯಾಗುತ್ತದೆ. ಹತ್ತು ಸೆಕೆಂಡಿನ ತುಣುಕಿನಲ್ಲಿ ಕಾಲವೂ ಸುಮಾರು 0.3 ಸೆಕೆಂಡು ಜಾರಿರುವುದರಿಂದ ಎರಡನೆಯ ಪರೀಕ್ಷೆಯೂ ಕೆಡುತ್ತದೆ. ಎಷ್ಟು ಹೊತ್ತು ಕೇಳಿಸಿದರೂ ಉತ್ತರ ಬಾರದೆ, ವೇಗವನ್ನು ತುಸು ತಗ್ಗಿಸಿದೊಡನೆ ಬಂದರೆ ದೋಷ ಇಲ್ಲಿತ್ತೆಂದು ತಿಳಿಯಬಹುದು. ಬೆಲ್ಜಿಯಮ್ಮಿನ ಯೋರೆನ್ ಸಿಕ್ಸ್ ಮತ್ತಿತರರು 2014ರಲ್ಲಿ ಹೊರತಂದ ಪನಾಕೊ ಎಂಬ ಮುಕ್ತ ತಂತ್ರಾಂಶವು ಇಂಥ ವ್ಯತ್ಯಾಸವನ್ನು ಸಹಿಸುವಂತೆಯೇ ರೂಪುಗೊಂಡಿತು.

ನೇರ ಗಾಯನದ ಸಂದರ್ಭದಲ್ಲಿ ಮಿತಿಯ ಸ್ವರೂಪವೇ ಬೇರೆ. ಗಣೇಶೋತ್ಸವದ ಆರ್ಕೆಸ್ಟ್ರಾ ಜನಪ್ರಿಯ ಚಿತ್ರಗೀತೆಯೊಂದನ್ನು ಎಷ್ಟೇ ನಿಷ್ಠೆಯಿಂದ ನುಡಿಸಿದರೂ, ಅದರ ಒಂದೊಂದು ಪೆಟ್ಟೂ ಮೂಲಕ್ಕಿಂತ ಕ್ಷಣಾಂಶ ಹಿಂದೆಯೋ ಮುಂದೆಯೋ ಬೀಳುತ್ತದೆ. ಆ್ಯಪ್ ಹುಡುಕುತ್ತಿರುವುದು ಹಾಡನ್ನಲ್ಲ, ಒಂದು ನಿರ್ದಿಷ್ಟ ಧ್ವನಿಮುದ್ರಿಕೆಯನ್ನು. ವೇದಿಕೆಯ ಹಾಡಿಗೆ ಹೊಂದಾಣಿಕೆ ಸಿಕ್ಕರೆ ಕಲಾವಿದರು ತುಟಿಯಾಡಿಸುತ್ತಿರುವ ಸಂಭವವೇ ಹೆಚ್ಚೆಂದು ವಾಂಗ್ ಅವರೇ ತುಸು ವಿನೋದದಿಂದ ಸೂಚಿಸಿದ್ದಾರೆ. ಗಾಯಕ ನಿಜವಾಗಿ ಹಾಡುತ್ತಿದ್ದು ಹಿನ್ನೆಲೆಗೆ ಮೂಲದ ವಾದ್ಯಮುದ್ರಿಕೆಯನ್ನೇ ಬಳಸಿದ್ದರೂ ಉತ್ತರ ಬರಬಹುದೆಂಬುದನ್ನು ಇದಕ್ಕೆ ಸೇರಿಸಬೇಕು.

ಈ ಕೊರತೆಯನ್ನು ತುಂಬಬಲ್ಲದ್ದು ಗುನುಗಿದ ಧಾಟಿಯಿಂದ ಹಾಡನ್ನು ಹುಡುಕುವ ಮಾರ್ಗ. 2007ರ ಮಿಡೋಮಿ ಮತ್ತು 2020ರ ಗೂಗಲ್ ಸೌಲಭ್ಯ ಈ ಬಗೆಯವು. ಇವು ಚುಕ್ಕೆಗಳನ್ನು ಬಿಟ್ಟು ಸ್ವರದ ಏರಿಳಿತವನ್ನು ಹೋಲಿಸುವುದರಿಂದ, ಆರ್ಕೆಸ್ಟ್ರಾದಲ್ಲಿ ಕೇಳಿದ ಪಲ್ಲವಿಯನ್ನು ಕೇಳುಗನೇ ಮೌನವಾದ ಕೋಣೆಯಲ್ಲಿ ಗುನುಗಿದರೆ ಫಲ ಹೆಚ್ಚು. ಧಾರವಾಡದ ಬೈಠಕ್ಕಿನಲ್ಲಿ ಕೇಳಿದ ರಾಗದ ಆಲಾಪಕ್ಕೆ ಮಾತ್ರ ಎರಡೂ ಮಾರ್ಗಗಳು ಒದಗುವುದಿಲ್ಲ, ಏಕೆಂದರೆ ಅಲ್ಲಿ ಹಿಂದಿನ ಮುದ್ರಿಕೆಯೂ ಇಲ್ಲ, ಗೊತ್ತುಮಾಡಿದ ಧಾಟಿಯೂ ಇಲ್ಲ. ಆ ಕಛೇರಿಯಲ್ಲಿ ಹಾಡಿದ ಬಂದಿಶಿನ ಮೊದಲ ಸಾಲನ್ನು ಬರೆದುಕೊಂಡು ಅಕ್ಷರದಲ್ಲಿ ಹುಡುಕುವುದೇ ಅಲ್ಲಿ ಉಳಿಯುವ ದಾರಿ.