ಕಂಡಿಕೆ ಯಂತ್ರದ ಕಬ್ಬಿಣದ ಸ್ಟ್ಯಾಂಡ್: ವಿನ್ಯಾಸ ಹಾಗೂ ಕತ್ತರಿಕೆ ಪಟ್ಟಿಯ ಬಗ್ಗೆ ಮಾಹಿತಿ

ರಬಕವಿ-ಬನಹಟ್ಟಿ ಭಾಗದ ನೇಕಾರರು ಕಂಡಿಕೆ ಸುತ್ತುವ ಯಂತ್ರಕ್ಕೆ ಚೌಕ ಕೊಳವೆಯ ಸ್ಟ್ಯಾಂಡ್ ಮಾಡಿಸುವ ಮುನ್ನ ಕತ್ತರಿಕೆ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು. ವೆಲ್ಡಿಂಗ್ ಅಂಗಡಿಯ ದರಪಟ್ಟಿಯನ್ನು ಈ ಪಟ್ಟಿಯೊಂದಿಗೆ ತಾಳೆ ನೋಡಬಹುದಾಗಿದೆ.

ಉದಾಹರಣೆಗಾಗಿ 1200 ಮಿ.ಮೀ. ಉದ್ದ, 600 ಮಿ.ಮೀ. ಅಗಲ ಹಾಗೂ 750 ಮಿ.ಮೀ. ಎತ್ತರದ ಸ್ಟ್ಯಾಂಡನ್ನು ಪರಿಗಣಿಸಲಾಗಿದೆ. ಕೊಳವೆಯು 50×50 ಮಿ.ಮೀ., ಗೋಡೆಯ ದಪ್ಪ 3 ಮಿ.ಮೀ. ಇರುತ್ತದೆ.

ಕತ್ತರಿಕೆ ಪಟ್ಟಿ (ಮಿ.ಮೀ.)
1. ಮೇಲಿನ ಉದ್ದ ಪಟ್ಟಿ: 1200, ಎರಡೂ ತುದಿ 45 ಡಿಗ್ರಿ – 2
2. ಮೇಲಿನ ಅಡ್ಡ ಪಟ್ಟಿ: 600, ಎರಡೂ ತುದಿ 45 ಡಿಗ್ರಿ – 2
3. ಕಾಲು: 694, ನೇರ ತುದಿ – 4
4. ಕೆಳಗಿನ ಉದ್ದ ಪಟ್ಟಿ: 1100, ನೇರ ತುದಿ – 2
5. ಕೆಳಗಿನ ಅಡ್ಡ ಪಟ್ಟಿ: 500, ನೇರ ತುದಿ – 2
6. ತ್ರಿಕೋನ ಬಲಪಟ್ಟಿ (ಗಸೆಟ್): 100×100, ದಪ್ಪ 4 – 8
7. ಪಾದದ ತಗಡು: 100×100, ದಪ್ಪ 6 – 4

ಕಾಲಿನ ಅಳತೆಯು 750ರಲ್ಲಿ ಮೇಲಿನ ಕೊಳವೆಯ 50 ಹಾಗೂ ಪಾದದ 6 ಕಳೆದು ಬಂದಿರುತ್ತದೆ. ಕೆಳಗಿನ ಪಟ್ಟಿಗಳು ಕಾಲುಗಳ ನಡುವೆ ಕೂರುವುದರಿಂದ ಅವುಗಳಲ್ಲಿ ತಲಾ 100 ಕಳೆಯಲಾಗಿದೆ.

ಓರೆ ತುದಿಯ ಪಟ್ಟಿಗಳಿಗೆ ಮೇಲೆ ನೀಡಿರುವುದು ಹೊರಬದಿಯ ಅಳತೆ. ಒಳಬದಿಯು 100 ಕಡಿಮೆ ಇರುತ್ತದೆ. ಇದನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಕತ್ತರಿಸುವವರು ಒಳ ಅಳತೆಯೆಂದು ಭಾವಿಸಿದಲ್ಲಿ ಚೌಕಟ್ಟು 1300×700 ಆಗಿ, ಕೆಳಗಿನ ಪಟ್ಟಿಗಳು ಕಾಲುಗಳಿಗೆ ಮುಟ್ಟುವುದಿಲ್ಲ.

6 ಮೀಟರಿನ ಎರಡು ಕೊಳವೆಗಳು ಸಾಕಾಗುತ್ತವೆ. ಕ್ರಮಸಂಖ್ಯೆ 1, 2 ಮತ್ತು 4ರ ಆರು ತುಂಡುಗಳು 5800 ಮಿ.ಮೀ.; ಪ್ರತಿ ಕತ್ತರಿಕೆಗೆ ಚಕ್ರ ತಿನ್ನುವ 3 ಮಿ.ಮೀ. ಸೇರಿ 5818. ಇವು ಮೊದಲನೆಯ ಕೊಳವೆಯಲ್ಲಿ ಸರಿಹೊಂದುತ್ತವೆ. ಉಳಿದ ಆರು ತುಂಡುಗಳಿಗೆ ಎರಡನೆಯದರಲ್ಲಿ 3794 ಬೇಕಾಗಿ, ಸುಮಾರು 2.2 ಮೀಟರ್ ಉಳಿಯುತ್ತದೆ. ಈ ಉಳಿಕೆಯನ್ನು ಕೇಳಿ ಪಡೆಯಬಹುದು.

ಯಂತ್ರದ ಡಿಗ್ರಿ ಗುರುತನ್ನೇ ನಂಬದೆ, ಮೊದಲು ಎರಡು ರದ್ದಿ ತುಂಡುಗಳನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸಿ, ಮೂಲೆಮಟ್ಟದಿಂದ ಪರೀಕ್ಷಿಸುವುದು. ಪ್ರತಿ ತುದಿಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಮೂಲೆಯಲ್ಲಿ ಸುಮಾರು 1.2 ಮಿ.ಮೀ. ಸಂದು ಬಿಡುತ್ತದೆ. ಅದನ್ನು ಬೆಸುಗೆಯಿಂದ ತುಂಬಿದಲ್ಲಿ ಆ ಬೆಸುಗೆ ತಣಿಯುವಾಗ ಕುಗ್ಗಿ ಚೌಕಟ್ಟನ್ನು ಎಳೆಯುತ್ತದೆ.

ಮೇಲಿನ ಚೌಕಟ್ಟಿಗೆ ಮೊದಲು ಚುಕ್ಕೆ ಬೆಸುಗೆ ಮಾತ್ರ ಹಾಕಿ ಎರಡೂ ಕರ್ಣಗಳನ್ನು ಅಳೆಯತಕ್ಕದ್ದು. ಅವು ತಲಾ ಸುಮಾರು 1342 ಮಿ.ಮೀ. ಇದ್ದು ಪರಸ್ಪರ ಸಮವಾಗಿರಬೇಕು. ನಂತರ ಎದುರುಬದುರು ಮೂಲೆಗಳನ್ನು ಸರದಿಯಂತೆ ಬೆಸೆಯುವುದು. ಕಾಲು ಕೂರುವ ಕೆಳಮುಖದ ಬೆಸುಗೆಯನ್ನು ಮಟ್ಟಸವಾಗಿ ಉಜ್ಜದಿದ್ದಲ್ಲಿ ಕಾಲು ವಾಲುತ್ತದೆ.

ಪ್ರತಿ ಕಾಲಿಗೆ ಎರಡು ದಿಕ್ಕಿನಲ್ಲಿ ಒಂದೊಂದು ಬಲಪಟ್ಟಿಯನ್ನು ಹಾಕುವುದು. ಒಳಮೂಲೆಯ ಬೆಸುಗೆಗೆ ತಾಗದಂತೆ ಅದರ ಲಂಬಕೋನದ ತುದಿಯನ್ನು 15 ಮಿ.ಮೀ. ಕತ್ತರಿಸತಕ್ಕದ್ದು. ಹೆಚ್ಚು ದಪ್ಪದ ತಗಡನ್ನು ಬಳಸುವುದರಿಂದ ಪ್ರಯೋಜನವಿಲ್ಲ. ಅದುರುವಿಕೆಯಿಂದ ಕೊಳವೆಯ ತೆಳು ಗೋಡೆಯೇ ಮೊದಲು ಬಿರಿಯುತ್ತದೆ. ಬಿರುಕು ಸಾಮಾನ್ಯವಾಗಿ ಬಲಪಟ್ಟಿ ಮುಗಿಯುವ ತುದಿಯಲ್ಲಿ ಕೂದಲೆಳೆಯಂತೆ, ಬಣ್ಣದ ಮೇಲೆ ತುಕ್ಕಿನ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಅಂತಹ ಗೆರೆ ಕಂಡಲ್ಲಿ ಯಂತ್ರವನ್ನು ಕೂಡಲೇ ನಿಲ್ಲಿಸತಕ್ಕದ್ದು.